ಗುಡಿಯ ಚರಿತ್ರೆ ಬರೆಯುವಾಗ ‘ಅಂತೆ’ಯನ್ನು ಉಳಿಸಿಕೊಂಡದ್ದು

ಒಂದು ಸಮುದಾಯದವರು ತಮ್ಮ ಪುಟ್ಟ ಭೈರವನ ಗುಡಿಗೆ ನಾಲ್ಕು ಪುಟಗಳ ಪರಿಚಯ ಪತ್ರವನ್ನು ಬರೆದುಕೊಡಲು ನನ್ನನ್ನು ಕೇಳಿದಾಗ, ಹಳೆಯ ಪತ್ರದ ಒಂದು ಪ್ರತಿಯನ್ನೂ ಕೈಗಿತ್ತರು. ಅದರ ಮೊದಲ ವಾಕ್ಯದಲ್ಲೇ ‘1483ರಲ್ಲಿ ಚೋಳ ರಾಜನು ಈ ದೇವಾಲಯವನ್ನು ಕಟ್ಟಿಸಿದನು’ ಎಂದಿತ್ತು. ಚೋಳರ ಆಳ್ವಿಕೆ 1279ರ ಹೊತ್ತಿಗೇ ಮುಗಿದಿತ್ತಾದ್ದರಿಂದ ಆ ವಾಕ್ಯ ನಿಲ್ಲುವಂಥದ್ದಲ್ಲ. ಆದರೂ ಅದನ್ನು ಸುಳ್ಳೆಂದು ಹೊಡೆದು ಹಾಕುವ ಬದಲು, ಅದರಲ್ಲಿನ ಒಂದೊಂದು ಪದವೂ ಎಲ್ಲಿಂದ ಬಂದಿರಬಹುದೆಂದು ಹುಡುಕಿದೆ. 1483 ಎಂಬ ಸಂಖ್ಯೆ ಒಂದು ಕಡೆಯಿಂದ, ಚೋಳ ರಾಜ ಇನ್ನೊಂದು ಕಡೆಯಿಂದ, ‘ಕಟ್ಟಿಸಿದನು’ ಎಂಬ ಕ್ರಿಯಾಪದ ಮತ್ತೊಂದು ಕಡೆಯಿಂದ ಬಂದು ಸೇರಿದ್ದವು.

ಸಂಖ್ಯೆ ಬಂದದ್ದು ಗುಡಿಯ ಎಡಗಡೆ ನಿಲ್ಲಿಸಿರುವ ಶಾಸನದ ಕಲ್ಲಿನಿಂದ. ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಮೇಲೆ ಅಕ್ಷರಗಳೇ ಕಾಣುತ್ತಿರಲಿಲ್ಲ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಒಂದು ಅಂಚಿಗೆ ಒರಗಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಹಿಡಿದಾಗ ಸಾಲುಗಳು ನೆರಳಿನಲ್ಲಿ ಎದ್ದು ನಿಂತವು. ಅಕ್ಷರಗಳಿಗೆ ಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ಮೊಳೆಯಿಂದ ಗೀರುವುದು ಇವೆಲ್ಲವೂ ಕಲ್ಲನ್ನು ಕೆಡಿಸುತ್ತವೆ. ಗೀರಿದವನು ತಾನು ಊಹಿಸಿದ ಅಕ್ಷರವನ್ನೇ ಶಾಶ್ವತವಾಗಿ ಕೆತ್ತಿಬಿಡುತ್ತಾನೆ. ಆದ್ದರಿಂದ ನಾನು ಬೆಳಕಿನ ದಿಕ್ಕನ್ನು ಬದಲಿಸುತ್ತ ಛಾಯಾಚಿತ್ರಗಳನ್ನು ಮಾತ್ರ ತೆಗೆದುಕೊಂಡು, ಅವನ್ನು ಶಾಸನ ಓದುವುದರಲ್ಲಿ ಪಳಗಿದ ಒಬ್ಬರ ಮುಂದಿಟ್ಟೆ.

ಶಾಲಿವಾಹನ ಶಕ ವರ್ಷದ ಮೊದಲ ಮೂರು ಅಂಕಿಗಳು, ಅಂದರೆ ೧೪೮, ಸ್ಪಷ್ಟವಾಗಿದ್ದವು. ನಾಲ್ಕನೆಯ ಅಂಕಿಯಿದ್ದ ಜಾಗದಲ್ಲಿ ಚಕ್ಕೆ ಎದ್ದು ಹೋಗಿತ್ತು. ಹಳೆಯ ಪತ್ರ ಬರೆದವರು ಅದನ್ನು ೩ ಎಂದು ಹೇಗೆ ತಿಳಿದರೋ ಗೊತ್ತಿಲ್ಲ. ಪ್ರಾಯಶಃ ಆಗ ಚಕ್ಕೆ ಎದ್ದಿರಲಿಲ್ಲ. ಅದೃಷ್ಟವಶಾತ್ ಮುಂದೆಯೇ ‘ದುರ್ಮತಿ ಸಂವತ್ಸರದ ಕಾರ್ತಿಕ’ ಎಂಬಷ್ಟು ಉಳಿದಿತ್ತು. ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರಳುವುದರಿಂದ, 1480ರಿಂದ 1489ರ ನಡುವಿನ ಹತ್ತು ಶಕ ವರ್ಷಗಳಲ್ಲಿ ದುರ್ಮತಿ ಒಮ್ಮೆ ಮಾತ್ರ ಬರಲು ಸಾಧ್ಯ, ಅದೂ ಬಂದರೆ. ಲೆಕ್ಕ ಕಷ್ಟದ್ದಲ್ಲ. ಶಕ ವರ್ಷಕ್ಕೆ ಹನ್ನೆರಡು ಕೂಡಿಸಿ ಅರವತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. 1483ಕ್ಕೆ ಹನ್ನೆರಡು ಕೂಡಿಸಿದರೆ 1495. ಅರವತ್ತರಿಂದ ಭಾಗಿಸಿದರೆ ಉಳಿಯುವುದು 55. ಐವತ್ತೈದನೆಯ ಸಂವತ್ಸರ ದುರ್ಮತಿಯೇ. ಹೀಗೆ ಕಳೆದುಹೋದ ಅಂಕಿಯನ್ನು ಸಂವತ್ಸರವೇ ತುಂಬಿಕೊಟ್ಟಿತು. ಕೆಲವು ಶಾಸನಗಳಲ್ಲಿ ಶಕ ವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷದ ವ್ಯತ್ಯಾಸ ಬರುವುದುಂಟು, ಆದರೆ ಇಲ್ಲಿ ಸ್ಪಷ್ಟವಾಗಿರುವ ಮೂರು ಅಂಕಿಗಳೂ ಸಂವತ್ಸರವೂ ಒಂದಕ್ಕೊಂದು ಹೊಂದುತ್ತವೆ.

ಹಳೆಯ ಪತ್ರದವರು ಅಂಕಿಯನ್ನು ಸರಿಯಾಗಿಯೇ ಓದಿದ್ದರು. ಎಡವಿದ್ದು ಶಕ ವರ್ಷವನ್ನು ಕ್ರಿಸ್ತಶಕವೆಂದು ಭಾವಿಸಿದ್ದರಲ್ಲಿ. ಶಕಕ್ಕೆ ಎಪ್ಪತ್ತೆಂಟು ಕೂಡಿಸಬೇಕು, ಮಾಘ ಫಾಲ್ಗುಣಗಳಂಥ ವರ್ಷದ ಕೊನೆಯ ತಿಂಗಳಾದರೆ ಎಪ್ಪತ್ತೊಂಬತ್ತು. ಕಾರ್ತಿಕವಾದ್ದರಿಂದ ಇದು 1561. ವಿಜಯನಗರದಲ್ಲಿ ಸದಾಶಿವರಾಯನು ಪಟ್ಟದಲ್ಲಿದ್ದ ಕಾಲ. ಕಲ್ಲಿನ ಮೇಲೆ ಅವನ ಹೆಸರೇ ಇದೆ. ಕ್ರಿಸ್ತಶಕವೆಂದೇ ಹಿಡಿದಿದ್ದರೆ ಗುಡಿಗೆ ಎಪ್ಪತ್ತೆಂಟು ವರ್ಷ ಹೆಚ್ಚಿನ ವಯಸ್ಸು ಬರುತ್ತಿತ್ತು, ರಾಯನ ಹೆಸರು ಮಾತ್ರ ಅದಕ್ಕೆ ಹೊಂದುತ್ತಿರಲಿಲ್ಲ.

ಇನ್ನು ‘ಕಟ್ಟಿಸಿದನು’ ಎಂಬ ಮಾತು. ಶಾಸನದಲ್ಲಿ ಅದು ಎಲ್ಲಿಯೂ ಇಲ್ಲ. ಅದರಲ್ಲಿರುವುದು ಭೈರವ ದೇವರ ನಂದಾದೀವಿಗೆಗೆಂದು ಭೂಮಿಯನ್ನು ಬಿಟ್ಟುಕೊಟ್ಟ ವಿಷಯ ಮತ್ತು ಅದನ್ನು ಅಳಿದವರಿಗೆ ತಟ್ಟುವ ಶಾಪ. ದೀಪಕ್ಕೆ ದತ್ತಿ ಬರುವ ಹೊತ್ತಿಗೆ ದೇವರು ಅಲ್ಲಿ ನೆಲೆಯಾಗಿದ್ದನೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಗುಡಿ ಅದಕ್ಕಿಂತ ಹತ್ತು ವರ್ಷ ಹಿಂದಿನದೋ ಮುನ್ನೂರು ವರ್ಷ ಹಿಂದಿನದೋ ಎಂಬುದನ್ನು ಈ ಕಲ್ಲು ಹೇಳುವುದಿಲ್ಲ. ಈಗಿರುವ ಗೋಡೆಗಳಂತೂ ಆ ಕಾಲದವಲ್ಲ. ಸಮಿತಿಯ ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕ ಲೆಕ್ಕದ ಪುಸ್ತಕದಲ್ಲಿ ಸುಣ್ಣ, ಮರಳು, ಗಾರೆ ಕೆಲಸದವರ ಕೂಲಿ ಇವನ್ನೆಲ್ಲ 1958ರಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಹಾಗೆಯೇ ಹೊಸ ಪತ್ರದ ದಾಖಲೆಯ ಭಾಗಕ್ಕೆ ಸೇರಿಸಿದೆ.

ಕೊನೆಗೆ ಉಳಿದವನು ಚೋಳ ರಾಜ. ಅವನನ್ನು ಹುಡುಕಿಕೊಂಡು ಐದು ಮಂದಿ ಹಿರಿಯರ ಬಳಿ ಹೋದೆ. ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಂಡು, ಕಥೆ ಮುಗಿದ ಮೇಲೆ ‘ಇದನ್ನು ನಿಮಗೆ ಹೇಳಿದವರು ಯಾರು?’ ಎಂದು ಕೇಳಿದೆ. ಚೋಳನ ಹೆಸರೆತ್ತಿದ ಮೂವರೂ ಕೊನೆಗೆ ಬೆರಳು ತೋರಿಸಿದ್ದು ಅದೇ ಹಳೆಯ ಪತ್ರದತ್ತ. ಓದು ಬರಹ ಅರಿಯದ ಒಬ್ಬ ಅಜ್ಜಿಗೆ ಚೋಳನೇ ಗೊತ್ತಿರಲಿಲ್ಲ. ಅವರು ಹೇಳಿದ್ದು ಬೇರೆಯೇ ಕಥೆ: ‘ಕಂದು ಹಸ ದಿನಾ ಹುತ್ತದ ಮ್ಯಾಲೆ ಹಾಲು ಕರೀತಿತ್ತಂತೆ. ದನ ಕಾಯೋನು ಸಿಟ್ಟಿಗೆ ಕೊಡಲಿ ಬೀಸಿದ್ನಂತೆ. ಹುತ್ತದಾಗಿಂದ ರಕ್ತ ಬಂತಂತೆ. ಕಂಡೋರ್ಯಾರಪ್ಪಾ, ನಮ್ಮತ್ತೆ ಹೇಳ್ತಿದ್ರು.’ ಹುತ್ತಕ್ಕೆ ಹಾಲೆರೆಯುವ ಹಸುವಿನ ಕಥೆ ನೂರಾರು ಗುಡಿಗಳಿಗಿದೆ. ಇಲ್ಲಿಗೇ ವಿಶೇಷವಾದದ್ದು ಗರ್ಭಗುಡಿಯ ಕಲ್ಲಿನ ತಲೆಯ ಮೇಲೆ ಇಂದಿಗೂ ತೋರಿಸುವ ಕೊಡಲಿಯ ಗಾಯ. ಚೋಳನದು ಐತಿಹ್ಯವೂ ಅಲ್ಲ, ಅಚ್ಚಿನಿಂದ ಬಾಯಿಗೆ ಇಳಿದ ಮಾತು. ಅವನನ್ನು ದಾಖಲೆಯ ಭಾಗದಿಂದಲೂ ಕಥೆಯ ಭಾಗದಿಂದಲೂ ಕೈಬಿಟ್ಟೆ.

ಅಜ್ಜಿಯ ಮಾತನ್ನು ಬರೆದುಕೊಳ್ಳುವಾಗಲೇ ಹಳೆಯ ಪತ್ರ ಎಲ್ಲಿ ಕೆಟ್ಟಿತೆಂಬುದು ನನಗೆ ಹೊಳೆದದ್ದು. ಆಡುಮಾತಿನಲ್ಲಿ ಕಥೆ ಹೇಳುವವರು ಪ್ರತಿ ವಾಕ್ಯಕ್ಕೂ ‘ಅಂತೆ’ ಹಚ್ಚಿ, ತಾವು ಕಂಡದ್ದಲ್ಲ, ಕೇಳಿದ್ದು ಎಂದು ತಾವೇ ಗೆರೆ ಎಳೆದುಬಿಡುತ್ತಾರೆ. ಅದನ್ನು ಗ್ರಾಂಥಿಕ ಕನ್ನಡಕ್ಕೆ ತರುವ ನಮ್ಮಂಥವರು ‘ಅಂತೆ’ ಗ್ರಾಮ್ಯವಾಯಿತೆಂದು ಕತ್ತರಿಸಿ ‘ಬಂದಿತು’, ‘ಕಟ್ಟಿಸಿದನು’ ಎಂದು ಮುಗಿಸುತ್ತೇವೆ. ಅಲ್ಲಿಗೆ ಕೇಳಿದ ಮಾತು ಘಟನೆಯಾಗಿಬಿಡುತ್ತದೆ. ಪ್ಯಾರಾದ ತುದಿಗೆ ಒಮ್ಮೆ ‘ಎಂಬ ಪ್ರತೀತಿ ಇದೆ’ ಎಂದು ಸೇರಿಸಿದರೂ ಸಾಲದು, ಏಕೆಂದರೆ ಅದು ಮೇಲಿನ ಎಷ್ಟು ವಾಕ್ಯಗಳಿಗೆ ಅನ್ವಯಿಸುತ್ತದೆಂದು ಓದುಗನಿಗೆ ತಿಳಿಯುವುದಿಲ್ಲ.

ಹೀಗಾಗಿ ಹೊಸ ಪತ್ರದಲ್ಲಿ ಎರಡು ಪ್ಯಾರಾಗಳನ್ನು ಬೇರೆಬೇರೆ ತಲೆಬರಹಗಳಡಿ ಇಟ್ಟೆ. ‘ಕಲ್ಲಿನಲ್ಲಿ ಮತ್ತು ಕಾಗದದಲ್ಲಿ ಇರುವುದು’ ಎಂಬುದರ ಕೆಳಗೆ 1561ರ ದತ್ತಿಯೂ 1958ರ ಜೀರ್ಣೋದ್ಧಾರವೂ ಬಂದವು. ಕಟ್ಟಿದ ಕಾಲ ಗೊತ್ತಿಲ್ಲವೆಂಬ ವಾಕ್ಯವೂ ಅಲ್ಲಿಯೇ ಇದೆ. ‘ಹಿರಿಯರು ಹೇಳುವುದು’ ಎಂಬುದರ ಕೆಳಗೆ ಹಸುವಿನ ಕಥೆಯನ್ನು ಕುಗ್ಗಿಸದೆ, ನಗೆಯಾಡದೆ, ಅಜ್ಜಿಯ ‘ಅಂತೆ’ಗಳ ಸಮೇತ ಬರೆದೆ. ಸಮಿತಿಯ ಹಿರಿಯರೊಬ್ಬರು ಕರಡನ್ನು ಓದಿ, ‘ಸ್ವಾಮೀ, ಕಟ್ಟಿದ ಕಾಲ ಗೊತ್ತಿಲ್ಲ ಅಂದರೆ ಬಂದವರು ಏನು ಅಂದುಕೊಂಡಾರು?’ ಎಂದು ಬೇಸರಪಟ್ಟರು. ಅವರನ್ನು ಕಲ್ಲಿನ ಬಳಿ ಕರೆದೊಯ್ದು ಟಾರ್ಚ್ ಹಿಡಿದು ‘ಭೈರವ ದೇವರ’ ಎಂಬ ಅಕ್ಷರಗಳನ್ನು ಬೆರಳಿನಿಂದ ತೋರಿಸಿದಾಗ, ಆ ವಾಕ್ಯವನ್ನು ತೆಗೆಯಬೇಕೆಂಬ ಹಟವನ್ನು ಅವರು ಬಿಟ್ಟರು. ಆದರೆ ಕಲ್ಲಿನ ಚಿತ್ರ ದೊಡ್ಡದಾಗಿರಬೇಕೆಂದರು. ಅದು ನ್ಯಾಯವೇ ಆಗಿತ್ತು.

ಅಚ್ಚಿನ ಮನೆಯಿಂದ ಕರಡಚ್ಚು ಬಂದಾಗ, ಅಕ್ಷರ ಜೋಡಿಸಿದವರು ಎರಡನೆಯ ಪ್ಯಾರಾದ ‘ಬಂತಂತೆ’ಯನ್ನು ತಪ್ಪೆಂದು ತಿಳಿದು ‘ಬಂದಿತು’ ಎಂದು ತಿದ್ದಿಟ್ಟಿದ್ದರು. ಕೆಂಪು ಪೆನ್ನಿನಿಂದ ಅದನ್ನು ಹೊಡೆದು ಅಂಚಿನಲ್ಲಿ ಮೊದಲಿನಂತೆಯೇ ಬರೆದು ಕಳುಹಿಸಿದೆ. ಎರಡನೆಯ ಕರಡಚ್ಚಿನಲ್ಲಿ ಮತ್ತೆ ‘ಬಂದಿತು’ ಎಂದೇ ಇತ್ತು. ಮೂರನೆಯ ಸಲ ನಾನೇ ಹೋಗಿ ಪಕ್ಕದಲ್ಲಿ ಕುಳಿತೆ.