ದಸರಾ ಡೀಲ್‌ಗೆ ಸಹಿ ಹಾಕುವ ಮುಂಚೆ

ಮೈಸೂರಿನ ರೀಲ್ಸ್ ಗೆಳೆಯರೇ, ದಸರಾಕ್ಕೆ ಸೀರೆ ಬ್ರ್ಯಾಂಡ್ ಕರಾರು ಕಳಿಸಿದರೆ ಮೊದಲು ಪೇಮೆಂಟ್ ಸಾಲು ಓದಿ. 'ಪೋಸ್ಟ್ ಆದ 30 ದಿನಕ್ಕೆ' ಅಂತ ಇರುತ್ತದೆ. ಆದರೆ ಅವರು ಅಪ್ರೂವ್ ಮಾಡದೆ ನೀವು ಪೋಸ್ಟ್ ಮಾಡುವ ಹಾಗಿಲ್ಲ ಅಲ್ವಾ? ಅಪ್ರೂವಲ್‌ಗೆ ಗಡುವು ಇಲ್ಲದಿದ್ದರೆ ಜಂಬೂಸವಾರಿ ಮುಗಿದರೂ ವಿಡಿಯೋ ನಿಮ್ಮ ಫೋನಲ್ಲೇ ಕೂತಿರುತ್ತದೆ, ಆ 30 ದಿನ ಶುರುವೇ ಆಗುವುದಿಲ್ಲ, ಎಕ್ಸ್‌ಕ್ಲೂಸಿವಿಟಿ ಮಾತ್ರ ಸಹಿ ಹಾಕಿದ ದಿನದಿಂದಲೇ ಓಡುತ್ತಿದ್ದರೆ ಬೇರೆ ಸೀರೆಯವರ ಕೆಲಸವೂ ಕೈ ತಪ್ಪುತ್ತದೆ.

ಹೀಗೆ ಬರೆಸಿ: ಅರ್ಧ ಮುಂಗಡ, ವಿಡಿಯೋ ಕಳಿಸಿ 3 ಕೆಲಸದ ದಿನದೊಳಗೆ ಉತ್ತರ ಬರದಿದ್ದರೆ ಅಪ್ರೂವ್ ಆದಂತೆ, ತಿದ್ದುವುದು ಎರಡೇ ಸಲ, ಬಾಕಿ ಹಣಕ್ಕೆ ಲೆಕ್ಕ ವಿಡಿಯೋ ಕಳಿಸಿದ ದಿನದಿಂದ. ಎಕ್ಸ್‌ಕ್ಲೂಸಿವಿಟಿಯಲ್ಲಿ 'ಬಟ್ಟೆ' ಅಂತಿದ್ದರೆ 'ರೇಷ್ಮೆ ಸೀರೆ' ಅಂತ ಕುಗ್ಗಿಸಿ.

'ಜಾಹೀರಾತು ಅಂತ ಹಾಕಬೇಡಿ, ವ್ಯೂಸ್ ಬೀಳುತ್ತೆ' ಅಂದರೆ ಸುಮ್ನೆ ತಲೆಯಾಡಿಸಬೇಡಿ. ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಹೊಣೆ ನಿಮ್ಮ ಮೇಲೂ ಬರುತ್ತದೆ.