ಏಳದಿರುವುದು ಬೇರೆ, ಕೌಂಟ್ ಕಡಿಮೆ ಇರುವುದು ಬೇರೆ

ದಾವಣಗೆರೆ ಕಡೆ ಮಕ್ಕಳಾಗದ ದಂಪತಿಗಳನ್ನು ನೋಡುವ ಡಾಕ್ಟರ್ ನಾನು. ನನ್ನ ಹತ್ತಿರ ಬರುವ ಗಂಡಸರಲ್ಲಿ ತುಂಬಾ ಜನ ಎರಡು ತೊಂದರೆಗಳನ್ನು ಒಂದೇ ಅಂದುಕೊಂಡಿರುತ್ತಾರೆ. ಲಿಂಗ ಸರಿಯಾಗಿ ಗಟ್ಟಿಯಾಗದಿದ್ದರೆ "ನನ್ನ ಕೌಂಟ್ ಕಡಿಮೆ ಇರ್ಬೇಕು" ಅನ್ನುತ್ತಾರೆ. ಕೌಂಟ್ ಅಂದರೆ ವೀರ್ಯದಲ್ಲಿರುವ ವೀರ್ಯಾಣುಗಳ ಸಂಖ್ಯೆ. ಅದು ಕಡಿಮೆ ಅಂತ ರಿಪೋರ್ಟ್ ಬಂದ ದಿನದಿಂದ "ನಾನು ಗಂಡಸೇ ಅಲ್ವಾ" ಅಂತ ಕೊರಗಿ, ಮೊದಲು ಚೆನ್ನಾಗಿದ್ದದ್ದೂ ಆಗದಂತೆ ಮಾಡಿಕೊಳ್ಳುತ್ತಾರೆ. ಎರಡನ್ನೂ ಬೆರೆಸಿ ಔಷಧಿ ತಗೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬ ಅಡಿಕೆ ವ್ಯಾಪಾರಿಯ ವಿಷಯ ಹೇಳುತ್ತೇನೆ. ಅವರ ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಅವರಿಗೆ 34 ವರ್ಷ, ಹೆಂಡತಿಗೆ 28. ಮದುವೆಯಾಗಿ ನಾಲ್ಕು ವರ್ಷ. ಬಂದವರೇ ಒಂದು ರಿಪೋರ್ಟ್ ಮೇಜಿನ ಮೇಲಿಟ್ಟರು. ವೀರ್ಯದಲ್ಲಿ ಒಂದು ಮಿಲಿಲೀಟರ್‌ಗೆ 10 ಲಕ್ಷಕ್ಕೂ ಕಡಿಮೆ ವೀರ್ಯಾಣು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ 160 ಲಕ್ಷ. "ಇಷ್ಟು ಕಡಿಮೆ ಇರೋದಕ್ಕೇ ಸಾರ್, ಆ ಟೈಮಲ್ಲಿ ಆಗ್ತಾ ಇಲ್ಲ" ಅಂದರು. ಹೆಂಡತಿ ತಲೆ ತಗ್ಗಿಸಿ ಕೂತಿದ್ದರು.

ಇಂಥಾ ಹೊತ್ತಲ್ಲಿ ನಾನು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತೇನೆ. ಹೆಂಡತಿ ಎದುರಿಗೆ ಗಂಡಸರು ಅರ್ಧ ಮಾತ್ರ ಹೇಳುತ್ತಾರೆ. ಅವರನ್ನು ಕೇಳಿದ ಪ್ರಶ್ನೆಗಳು ಸರಳ. ಬೆಳಗ್ಗೆ ಎದ್ದಾಗ ಲಿಂಗ ಗಟ್ಟಿಯಾಗಿರುತ್ತಾ? ಒಬ್ಬರೇ ಇದ್ದಾಗ? ತೊಂದರೆ ಶುರುವಾದದ್ದು ಯಾವಾಗ, ಮೆಲ್ಲಗೋ, ಇದ್ದಕ್ಕಿದ್ದ ಹಾಗೋ? ಯಾವ ದಿನ ಆಗುವುದಿಲ್ಲ, ಯಾವ ದಿನ ಆಗುತ್ತದೆ?

ಬೆಳಗ್ಗೆ ಚೆನ್ನಾಗಿಯೇ ಇರುತ್ತದೆ ಅಂದರು. ಒಬ್ಬರೇ ಇದ್ದಾಗಲೂ ತೊಂದರೆ ಇಲ್ಲ. ಹಿಂದಿನ ವರ್ಷ ಒಂದು ಕಡೆ ಹೆಂಡತಿಗೆ ಮೊಟ್ಟೆ ಬೆಳೆಯುವುದನ್ನು ನೋಡುವ ಸ್ಕ್ಯಾನಿಂಗ್ ಶುರುವಾಗಿತ್ತು. "ಮೊಟ್ಟೆ ರೆಡಿ ಇದೆ, ಇವತ್ತು ರಾತ್ರಿ ಸೇರಲೇಬೇಕು" ಅಂತ ಹೇಳಿ ಕಳಿಸುತ್ತಿದ್ದರು. ಆಗದೇ ಇದ್ದದ್ದು ಆ ರಾತ್ರಿಗಳಲ್ಲಿ ಮಾತ್ರ.

ಇಷ್ಟು ಕೇಳಿದರೆ ದಿಕ್ಕು ಗೊತ್ತಾಗುತ್ತದೆ. ಲಿಂಗ ಗಟ್ಟಿಯಾಗುವುದು ನರ ಮತ್ತು ರಕ್ತನಾಳದ ಕೆಲಸ. ಮನಸ್ಸು ಕೆರಳಿದಾಗ ನರಗಳ ಮೂಲಕ ಸೂಚನೆ ಹೋಗಿ ರಕ್ತನಾಳ ಸಡಿಲವಾಗುತ್ತದೆ, ರಕ್ತ ತುಂಬಿಕೊಳ್ಳುತ್ತದೆ. ಭಯವಾದಾಗ ದೇಹ ಅದೇ ರಕ್ತನಾಳವನ್ನು ಬಿಗಿ ಮಾಡುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಬೀಡಿ-ಸಿಗರೇಟಿನಿಂದ ನಾಳ ಹಾಳಾಗಿದ್ದರೆ ತೊಂದರೆ ಮೆಲ್ಲಗೆ ಶುರುವಾಗಿ ಬೆಳಗಿನ ಹೊತ್ತೂ ಕಡಿಮೆಯಾಗುತ್ತಾ ಹೋಗುತ್ತದೆ. ಇವರಿಗೆ ಬೆಳಗ್ಗೆ ಸರಿಯಿದೆ, ಒಂದು ಥರದ ರಾತ್ರಿ ಮಾತ್ರ ಆಗುತ್ತಿಲ್ಲ. ಅಂದರೆ ನಾಳ ಚೆನ್ನಾಗಿದೆ, ಅಡ್ಡ ಬರುತ್ತಿರುವುದು ಆತಂಕ. ಆದರೂ ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ನೋಡಿಸಿದೆ, ಎಲ್ಲ ಸರಿಯಿತ್ತು. ಈ ಪರೀಕ್ಷೆ ಬಿಡಬಾರದು. ಕೆಲವರಲ್ಲಿ ಹೃದಯದ ಕಾಯಿಲೆಯ ಮೊದಲ ಸೂಚನೆ ಇಲ್ಲೇ ಕಾಣಿಸುತ್ತದೆ.

ವೀರ್ಯಾಣು ಹುಟ್ಟುವುದು ಬೀಜದೊಳಗೆ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಲಿಂಗ ಗಟ್ಟಿಯಾಗುವುದಕ್ಕೂ ಅಲ್ಲಿ ಎಷ್ಟು ತಯಾರಾಗಿವೆ ಅನ್ನುವುದಕ್ಕೂ ಸಂಬಂಧವೇ ಇಲ್ಲ. ನಂಬಿಕೆ ಬರದವರಿಗೆ ನಾನು ವ್ಯಾಸೆಕ್ಟಮಿ, ಅಂದರೆ ಗಂಡಸರಿಗೆ ಮಕ್ಕಳಾಗದಂತೆ ಮಾಡುವ ಆಪರೇಷನ್, ಆದವರನ್ನು ನೆನಪಿಸುತ್ತೇನೆ. ಆಪರೇಷನ್ ಆಗಿ ಕೆಲವು ತಿಂಗಳಾದ ಮೇಲೆ ಅವರ ವೀರ್ಯದಲ್ಲಿ ಒಂದೂ ವೀರ್ಯಾಣು ಇರುವುದಿಲ್ಲ. ಆದರೂ ಮೊದಲಿನ ಹಾಗೇ ಗಟ್ಟಿಯಾಗುತ್ತದೆ, ವೀರ್ಯವೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಯಾಕೆಂದರೆ ಹೊರಬರುವ ದ್ರವದ ಬಹುಪಾಲು ಪ್ರಾಸ್ಟೇಟ್ ಮತ್ತು ಅದರ ಹಿಂದಿನ ಚೀಲಗಳಿಂದ ಬರುತ್ತದೆ. ಹಾಗಾಗಿ ವೀರ್ಯ ತೆಳ್ಳಗಿದೆ, ಮಂದವಾಗಿದೆ ಅಂತ ಕಣ್ಣಲ್ಲಿ ನೋಡಿ ಕೌಂಟ್ ಹೇಳಲು ಯಾರಿಗೂ ಆಗುವುದಿಲ್ಲ.

ಸರಿ, ಆತಂಕದಿಂದ ಕೌಂಟ್ ಈ ಮಟ್ಟಕ್ಕೆ ಬೀಳುವುದಿಲ್ಲ. ಹಾಗಾದರೆ ಇವರ ಕೌಂಟ್ ಎಲ್ಲಿ ಹೋಯಿತು? ಹಳೆ ರಿಪೋರ್ಟ್ ಏನಾದರೂ ಇದೆಯಾ ಅಂತ ಕೇಳಿದೆ. ಪ್ಲಾಸ್ಟಿಕ್ ಕವರಿನ ತಳದಲ್ಲಿ ನಾಲ್ಕಾಗಿ ಮಡಚಿದ್ದ ಒಂದು ಹಾಳೆ ಸಿಕ್ಕಿತು. ಎಂಟು ತಿಂಗಳ ಹಿಂದಿನದು. 1.8 ಮಿಲಿಲೀಟರ್ ವೀರ್ಯ, ಮಿಲಿಲೀಟರ್‌ಗೆ 130 ಲಕ್ಷ, ಮುಂದಕ್ಕೆ ಚಲಿಸುವವು ಶೇ. 34. ಸ್ವಲ್ಪ ಕಡಿಮೆ, ಅಷ್ಟೇ. ಗುಣಿಸಿದರೆ ಒಟ್ಟು 234 ಲಕ್ಷ, ಅದರಲ್ಲಿ ಮುಂದಕ್ಕೆ ಚಲಿಸುವವು ಸುಮಾರು 80 ಲಕ್ಷ. ಇಷ್ಟಿದ್ದವರಿಗೆ ತಾವಾಗಿಯೇ ಮಕ್ಕಳಾಗುವುದುಂಟು, ತಡವಾಗಬಹುದು.

"ಈ ಎಂಟು ತಿಂಗಳಲ್ಲಿ ಏನಾದ್ರೂ ಔಷಧಿ ತಗೊಂಡ್ರಾ?" ಅಂದೆ.

"ಇಲ್ಲ ಸಾರ್. ಶಕ್ತಿಗೆ ಅಂತ ಇಂಜೆಕ್ಷನ್ ಹಾಕಿಸ್ಕೊಂಡಿದ್ದೆ, ಅಷ್ಟೇ."

ಯಾವ ಇಂಜೆಕ್ಷನ್ ಅಂತ ಅವರಿಗೆ ಗೊತ್ತಿರಲಿಲ್ಲ. ಕೊನೆಯದರ ಡಬ್ಬಿ ಮನೆಯಲ್ಲಿ ಇರಬೇಕು ಅಂದರು. ಹೆಂಡತಿಯೇ ಮನೆಗೆ ಫೋನ್ ಮಾಡಿ, ಮೈದುನನ ಕೈಲಿ ಡಬ್ಬಿಯ ಫೋಟೋ ತೆಗೆಸಿ ತರಿಸಿಕೊಂಡರು. ಟೆಸ್ಟೋಸ್ಟೆರಾನ್, 250 ಮಿಲಿಗ್ರಾಂ. ಎರಡು ಮೂರು ವಾರಕ್ಕೊಂದರಂತೆ ಐದು ತಿಂಗಳಿಂದ ನಡೆದಿತ್ತು. ಕೊಟ್ಟವರ ಲೆಕ್ಕದಲ್ಲಿ ಅದು ಗಂಡಸರ ಹಾರ್ಮೋನು, ಹಾಗಾಗಿ ಎರಡೂ ಜಾಸ್ತಿಯಾಗಬೇಕು.

ಆಗುವುದು ಉಲ್ಟಾ. ವೀರ್ಯಾಣು ತಯಾರಿಸು ಅಂತ ಬೀಜಕ್ಕೆ ಹೇಳುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಅದು ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಎರಡು ಹಾರ್ಮೋನು ಕಳಿಸುತ್ತದೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದು ರಕ್ತದಲ್ಲಿ ತುಂಬಿಕೊಂಡರೆ, ಇನ್ನು ಬೇಡ ಅಂತ ಪಿಟ್ಯುಟರಿ ಕಳಿಸುವುದನ್ನು ನಿಲ್ಲಿಸಿಬಿಡುತ್ತದೆ. ಬೀಜ ಕೆಲಸ ಬಿಡುತ್ತದೆ. ಕೌಂಟ್ ಸೊನ್ನೆಗೂ ಇಳಿಯಬಹುದು. ಜಿಮ್‌ನಲ್ಲಿ ಮೈ ಕಟ್ಟಲು ಕೊಡುವ ಸ್ಟೀರಾಯ್ಡ್‌ಗಳೂ ಇದನ್ನೇ ಮಾಡುತ್ತವೆ. ಮಗು ಬೇಕು ಅನ್ನುವ ಗಂಡಸಿಗೆ ಟೆಸ್ಟೋಸ್ಟೆರಾನ್ ಕೊಡಲೇಬಾರದು. ಈ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು ಅಂತ ನನಗೆ ಬಹಳ ಅನಿಸುತ್ತದೆ.

ಪರೀಕ್ಷೆ ಮಾಡಿದಾಗ ಬೀಜ ಮೆತ್ತಗಿತ್ತು. ರಕ್ತದಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ಇಲ್ಲವೇನೋ ಅನ್ನುವಷ್ಟು ಕಡಿಮೆ. ಟೆಸ್ಟೋಸ್ಟೆರಾನ್ ಮಾತ್ರ ಮೇಲಿತ್ತು. ಬೀಜವೇ ಹಾಳಾಗಿದ್ದರೆ ಎಫ್‌ಎಸ್‌ಎಚ್ ಏರಿರುತ್ತದೆ. ಇದು ಹಾಗಲ್ಲ, ಬೀಜಕ್ಕೆ ಸೂಚನೆ ಹೋಗುತ್ತಿಲ್ಲ. ಅಂದರೆ ಸರಿಹೋಗುವ ಸಾಧ್ಯತೆ ಚೆನ್ನಾಗಿದೆ.

ಇಂಜೆಕ್ಷನ್ ಅವತ್ತೇ ನಿಲ್ಲಿಸಿದೆವು. ಒಂದು ಮಾತು ಮೊದಲೇ ಹೇಳಿದೆ: ನಿಮ್ಮದೇ ಹಾರ್ಮೋನು ಮತ್ತೆ ಶುರುವಾಗಲು ಸಮಯ ಬೇಕು. ಅಲ್ಲಿವರೆಗೆ ಸುಸ್ತು ಅನಿಸಬಹುದು, ಆಸೆ ಕಡಿಮೆಯಾಗಬಹುದು, ಗಟ್ಟಿಯಾಗುವುದೂ ಇನ್ನಷ್ಟು ಇಳಿಯಬಹುದು. ಗಾಬರಿಯಾಗಿ ಮತ್ತೆ ಅದೇ ಇಂಜೆಕ್ಷನ್‌ಗೆ ಹೋಗಬೇಡಿ. ಇದನ್ನು ಹೇಳದಿದ್ದರೆ ಜನ ಒಂದು ತಿಂಗಳಿಗೇ ವಾಪಸ್ ಅಲ್ಲಿಗೆ ಹೋಗುತ್ತಾರೆ. ಕೆಲವರಿಗೆ ಬೀಜವನ್ನು ಎಬ್ಬಿಸಲು ಎಚ್‌ಸಿಜಿ ಇಂಜೆಕ್ಷನ್ ಬೇಕಾಗುತ್ತದೆ. ಇವರಿಗೆ ಬೇಕಾಗಲಿಲ್ಲ.

ರಾತ್ರಿಯ ತೊಂದರೆಗೆ ಬೇರೆಯೇ ದಾರಿ. ಸ್ಕ್ಯಾನಿಂಗ್ ನಿಲ್ಲಿಸಿದೆವು. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಬಲ್ಲದು, ಮೊಟ್ಟೆ ಇರುವುದು ಒಂದು ದಿನ. ಆದ್ದರಿಂದ "ಇವತ್ತೇ" ಅನ್ನುವ ದಿನ ಬೇಕಿಲ್ಲ. ತಿಂಗಳ ಮುಟ್ಟು ಮುಗಿದ ಮೇಲೆ ದಿನ ಬಿಟ್ಟು ದಿನವೋ, ಎರಡು ಮೂರು ದಿನಕ್ಕೊಮ್ಮೆಯೋ ಸೇರಿದರೆ ಆ ದಿನ ತಾನಾಗಿ ಅದರೊಳಗೆ ಬರುತ್ತದೆ. ಜೊತೆಗೆ ಲಿಂಗ ಗಟ್ಟಿಯಾಗಲು ನೆರವಾಗುವ ಟಡಾಲಾಫಿಲ್ 5 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ಕೆಲವು ವಾರ ಕೊಟ್ಟೆ. ಗಂಟೆ ನೋಡಿ ನುಂಗುವ ಮಾತ್ರೆಯಾದರೆ ಅದೇ ಮತ್ತೊಂದು ಪರೀಕ್ಷೆಯಾಗುತ್ತದೆ. ದಿನದ ಮಾತ್ರೆಗೆ ಆ ತಾಪತ್ರಯ ಇಲ್ಲ.

"ಇದರಿಂದ ಕೌಂಟ್ ಬರುತ್ತಾ ಸಾರ್?" ಅಂತ ಕೇಳಿದರು. ಬರುವುದಿಲ್ಲ. ಈ ಮಾತ್ರೆ ಕೌಂಟ್ ಏರಿಸುವುದಿಲ್ಲ, ಸಾಮಾನ್ಯ ಡೋಸಿನಲ್ಲಿ ಇಳಿಸುವುದೂ ಇಲ್ಲ. ಹಾಗೆಯೇ ಕೌಂಟ್‌ಗೆ ಅಂತ ಕೊಡುವ ವಿಟಮಿನ್ ಮಾತ್ರೆಗಳಿಂದ ಲಿಂಗ ಗಟ್ಟಿಯಾಗುವುದಿಲ್ಲ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಟಡಾಲಾಫಿಲ್ ಆಗಲಿ ಸಿಲ್ಡೆನಾಫಿಲ್ ಆಗಲಿ ಮುಟ್ಟಲೇಬಾರದು. ಬಿ.ಪಿ. ಅಪಾಯವಾಗುವಷ್ಟು ಬೀಳುತ್ತದೆ. ಮೆಡಿಕಲ್ ಶಾಪಿನಿಂದ ಕೇಳಿ ತರುವವರು ಇದನ್ನು ಗಮನಿಸಬೇಕು.

ಮೂರು ತಿಂಗಳ ಹೊತ್ತಿಗೆ ಮತ್ತೆ ಪರೀಕ್ಷೆ. ವೀರ್ಯಾಣು ತಯಾರಾಗುವ ಒಂದು ಸುತ್ತು ಮುಗಿಯದೆ ಪರೀಕ್ಷೆ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಸ್ಯಾಂಪಲ್ ಕೊಡುವುದನ್ನೂ ಹೇಳಿಕೊಟ್ಟೆ. ಎರಡರಿಂದ ಏಳು ದಿನ ವೀರ್ಯ ಹೋಗಿರಬಾರದು. ಎಣ್ಣೆ, ಎಂಜಲು, ಸೋಪು ಹಚ್ಚಬಾರದು. ಮಾಮೂಲಿ ಕಾಂಡೋಮ್‌ನಲ್ಲಿ ಹಿಡಿಯಬಾರದು. ಮೊದಲು ಬೀಳುವ ಭಾಗದಲ್ಲೇ ವೀರ್ಯಾಣು ಜಾಸ್ತಿ, ಅದು ಡಬ್ಬಿ ತಪ್ಪಿ ಬಿದ್ದಿದ್ದರೆ ಲ್ಯಾಬಿನಲ್ಲಿ ಹೇಳಬೇಕು. ಲ್ಯಾಬಿನ ಬಾತ್‌ರೂಮಿನಲ್ಲಿ ಯಾರೋ ಬಾಗಿಲು ಬಡಿಯುತ್ತಿರುವಾಗ ಸ್ಯಾಂಪಲ್ ಕೊಡಲು ಆಗುವುದೇ ಇಲ್ಲ ಅನ್ನುವವರು ಬಹಳ. ಅರ್ಧಂಬರ್ಧ ಕೊಟ್ಟು ಬರುತ್ತಾರೆ, ಕೌಂಟ್ ಕಡಿಮೆ ಅಂತ ರಿಪೋರ್ಟ್ ಬರುತ್ತದೆ. ಆ ರಿಪೋರ್ಟ್ ಹೇಳುವುದು ಬೀಜದ ಕಥೆಯಲ್ಲ, ಬಾಗಿಲಿನ ಕಥೆ. ಇವರ ಮನೆ ದೂರ, ದಾವಣಗೆರೆಯಲ್ಲಿ ಅಕ್ಕನ ಮನೆ ಇತ್ತು. ಅಲ್ಲಿ ಕೊಟ್ಟು, ಡಬ್ಬಿಯನ್ನು ಅಂಗಿಯ ಒಳಗೆ ಮೈಶಾಖದಲ್ಲಿಟ್ಟುಕೊಂಡು ಅರ್ಧ ಗಂಟೆಯೊಳಗೆ ಲ್ಯಾಬಿಗೆ ತಂದರು.

ಮಿಲಿಲೀಟರ್‌ಗೆ 50 ಲಕ್ಷ ಬಂತು. ಏಳನೇ ತಿಂಗಳಿಗೆ 150 ಲಕ್ಷ. ಅಷ್ಟರಲ್ಲಿ ಮಾತ್ರೆಯಿಲ್ಲದೆಯೇ ರಾತ್ರಿಗಳೂ ಸರಿಯಾಗಿದ್ದವು. ಎಲ್ಲರಿಗೂ ಇಷ್ಟು ಬೇಗ ಏರುವುದಿಲ್ಲ, ಕೆಲವರಿಗೆ ಒಂದು ವರ್ಷದ ಮೇಲೂ ಬೇಕಾಗುತ್ತದೆ.

ಎರಡು ತೊಂದರೆಗೂ ಒಂದೇ ಕಾರಣ ಇರುವುದೂ ಉಂಟು. ಹಳೆಯ ಸಕ್ಕರೆ ಕಾಯಿಲೆ ಅದರಲ್ಲೊಂದು. ನರ ಹಾಳಾಗಿ ಗಟ್ಟಿಯಾಗುವುದೂ ಕಡಿಮೆ, ವೀರ್ಯವೂ ಹೊರಗೆ ಬರುವ ಬದಲು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ಸುಖ ಆಗುತ್ತದೆ, ಏನೂ ಬರುವುದಿಲ್ಲ ಅಂದರೆ ಸ್ಖಲನದ ನಂತರದ ಮೂತ್ರದಲ್ಲಿ ವೀರ್ಯಾಣು ಹುಡುಕಬೇಕು. ಪಿಟ್ಯುಟರಿಯೇ ಕೆಟ್ಟು ಟೆಸ್ಟೋಸ್ಟೆರಾನ್ ನಿಜವಾಗಿಯೂ ಕಡಿಮೆಯಿರುವವರಲ್ಲೂ ಎರಡೂ ಬರುತ್ತವೆ. ಅವರಿಗೂ ಮಗು ಬೇಕಿದ್ದರೆ ಬೀಜವನ್ನು ಎಬ್ಬಿಸುವ ಇಂಜೆಕ್ಷನ್ನೇ ಕೊಡಬೇಕು, ಟೆಸ್ಟೋಸ್ಟೆರಾನ್ ಅಲ್ಲ.

ಕೌಂಟ್ ಸರಿಯಿದ್ದು ಸೇರುವುದೇ ಆಗದ ದಂಪತಿಗಳಿಗೆ, ಗಂಡನ ಚಿಕಿತ್ಸೆ ಮುಗಿಯುವವರೆಗೆ ಕಾಯಲೇಬೇಕು ಅಂತೇನಿಲ್ಲ. ಸ್ಯಾಂಪಲ್ ತಗೊಂಡು ಗರ್ಭಕೋಶಕ್ಕೆ ಬಿಡುವ ಐಯುಐ ಮಾಡಬಹುದು. ಕೌಂಟ್ ತೀರಾ ಕಡಿಮೆಯಿದ್ದರೆ ಐಯುಐಯಿಂದ ಪ್ರಯೋಜನ ಕಡಿಮೆ, ಅಲ್ಲಿ ಮೊಟ್ಟೆ, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸುವ ಐವಿಎಫ್ ಮಾತು ಬರುತ್ತದೆ. ಖರ್ಚಿನಲ್ಲಿ ಅಜಗಜಾಂತರ. ಅದಕ್ಕೇ ಯಾವುದು ಯಾರ ತೊಂದರೆ ಅಂತ ಮೊದಲೇ ಬಿಡಿಸಿ ನೋಡಬೇಕು.

ಈ ದಂಪತಿಗೆ ಎರಡೂ ಬೇಕಾಗಲಿಲ್ಲ. ಹತ್ತನೇ ತಿಂಗಳಲ್ಲಿ ಹೆಂಡತಿ ಫೋನ್ ಮಾಡಿ ಮುಟ್ಟು ನಿಂತಿದೆ ಅಂದರು. ಅವರ ಪಕ್ಕದಿಂದ ಗಂಡ, ಉಳಿದಿರುವ ಆ ಮಾತ್ರೆ ತಮ್ಮನಿಗೆ ಕೊಡಬಹುದಾ ಅಂತ ಕೇಳಿದರು. ಕೊಡಬೇಡಿ, ತಮ್ಮನನ್ನೇ ಕಳಿಸಿ, ಸಕ್ಕರೆ ಬಿ.ಪಿ. ನೋಡಿ ಹೇಳುತ್ತೇನೆ ಅಂದೆ.