ಡೇ ಎಂಡ್ ಹೊತ್ತಿಗೆ ತಾನೇ ನಿಧಾನವಾಗುವ ವರ್ಕರ್: ಪಿಗ್ಮಿ ಪೋಸ್ಟಿಂಗ್‌ನಲ್ಲಿ ನನ್ನ ಅನುಭವ

ಉಡುಪಿ ಕಡೆಯ ಒಂದು ಸಹಕಾರಿ ಸಂಘದ ಪಿಗ್ಮಿ ಲೆಕ್ಕ ನಮ್ಮ ಸಾಫ್ಟ್‌ವೇರ್ ಮೂಲಕ ಹೋಗುತ್ತದೆ. ಪಿಗ್ಮಿ ಹುಟ್ಟಿದ್ದೇ ನಮ್ಮೂರಿನಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಶುರು ಮಾಡಿದ ಯೋಜನೆ ಅದು. ಈಗಲೂ ಏಜೆಂಟರು ಅಂಗಡಿ ಅಂಗಡಿ ತಿರುಗಿಯೇ ಹಣ ತರುತ್ತಾರೆ. ಆದರೆ ಎಂಟ್ರಿ ಮೊಬೈಲ್‌ನಲ್ಲಿ ಆಗುತ್ತದೆ, ಸಂಜೆ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಅಪ್‌ಲೋಡ್ ಒತ್ತುತ್ತಾರೆ. ಎಂಟ್ರಿಗಳು ನಮ್ಮ ಕ್ಯೂಗೆ ಬಂದು ಬೀಳುತ್ತವೆ. ನಮ್ಮ ವರ್ಕರ್ ಒಂದೊಂದನ್ನೇ ಎತ್ತಿ ಸಂಘದ ಕೋರ್ ಬ್ಯಾಂಕಿಂಗ್ ಸರ್ವರ್‌ಗೆ ಪೋಸ್ಟ್ ಮಾಡುತ್ತದೆ. ಆ ಸರ್ವರ್ ನಮ್ಮದಲ್ಲ, ಬೇರೆ ಕಂಪನಿಯದು. ಅದರಲ್ಲಿ ಇನ್ನೂ ಕೆಲವು ಸಂಘಗಳಿವೆ.

ವರ್ಕರ್ ಮೊದಲು ಒಂದೇ ಹೊತ್ತಿಗೆ 40 ರಿಕ್ವೆಸ್ಟ್ ಕಳಿಸುತ್ತಿತ್ತು, ಟೈಮ್‌ಔಟ್ 2 ಸೆಕೆಂಡ್. ಹಗಲು ಏನೂ ತೊಂದರೆಯಿಲ್ಲ. ಏಳು ಗಂಟೆ ದಾಟಿ ಯಾವುದೋ ಸಂಘದ ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚುವ ಕೆಲಸ, ಶುರುವಾಯಿತೋ, ನಮ್ಮ ಕಡೆ ಸಾಲುಸಾಲು ಟೈಮ್‌ಔಟ್. ಆ ಕಡೆಯವರ ಫೋನ್ ಬೇರೆ: "ನಿಮ್ಮದು ಸ್ವಲ್ಪ ನಿಲ್ಲಿಸಿ ಮಾರಾಯ್ರೇ, ನಮ್ಮ ಬಡ್ಡಿ ಲೆಕ್ಕ ಮುಗಿಯುವುದೇ ಇಲ್ಲ."

ಲೆಕ್ಕ ನೋಡಿದರೆ ಕಾರಣ ಸರಳ. ಆ ಸರ್ವರ್ ನಮಗಾಗಿ ಇಟ್ಟಿದ್ದು 10 ಡೇಟಾಬೇಸ್ ಕನೆಕ್ಷನ್. ಒಂದು ಪೋಸ್ಟಿಂಗ್‌ಗೆ 80 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ 125 ಆಗುತ್ತದೆ, ಅದಕ್ಕಿಂತ ಜಾಸ್ತಿ ಸಾಧ್ಯವೇ ಇಲ್ಲ. 40 ಕಳಿಸಿದರೆ 10 ಕೆಲಸದಲ್ಲಿರುತ್ತವೆ, 30 ಸುಮ್ನೆ ಸಾಲಿನಲ್ಲಿ ನಿಲ್ಲುತ್ತವೆ. ಉತ್ತರ ಬರಲು 40 ಭಾಗ 125, ಅಂದರೆ 320 ಮಿಲಿಸೆಕೆಂಡ್. ಇದು ಲಿಟಲ್ಸ್ ಲಾ, ಬೇರೇನೂ ಅಲ್ಲ. ಡೇ ಎಂಡ್ ಹೊತ್ತಿಗೆ ಒಂದೊಂದು ಪೋಸ್ಟಿಂಗ್ 600 ಮಿಲಿಸೆಕೆಂಡ್ ಹಿಡಿಯುತ್ತದೆ. ಆಗ ಸೆಕೆಂಡಿಗೆ 17 ಕೂಡ ಆಗುವುದಿಲ್ಲ. ಕಳಿಸಿದ 40ಕ್ಕೆ ಉತ್ತರ ಬರುವುದು 2.4 ಸೆಕೆಂಡಿಗೆ, ನಾವು ಬಿಟ್ಟುಬಿಡುವುದು 2ಕ್ಕೆ. ಅವರ ಮೆಷಿನ್ ಪೂರ್ತಿ ದುಡಿಯುತ್ತಿದೆ, ಎಂಟ್ರಿಗಳು ಅಲ್ಲಿ ಪೋಸ್ಟ್ ಆಗುತ್ತಲೂ ಇವೆ. ಆದರೆ ನಮ್ಮ ಲೆಕ್ಕದಲ್ಲಿ ಒಂದೂ ಆಗಿಲ್ಲ. ಹಾಗಾಗಿ ಮತ್ತೆ ಅದನ್ನೇ ಕಳಿಸುತ್ತೇವೆ.

40 ಇದ್ದದ್ದನ್ನು 10 ಮಾಡಿದರೆ ಸಾಕಲ್ವಾ ಎಂದು ಟೀಮಿನಲ್ಲೇ ಕೇಳಿದರು. ಹಗಲಿಗೆ ಸಾಕು. ಆದರೆ ಡೇ ಎಂಡ್ ದಿನಾ ಒಂದೇ ಹೊತ್ತಿಗೆ ಇರುವುದಿಲ್ಲ, ಅವರು ಕನೆಕ್ಷನ್ ಪೂಲ್ ಎಷ್ಟಕ್ಕೆ ಇಟ್ಟಿದ್ದಾರೆ ಎಂಬುದೂ ಯಾವತ್ತೂ ಒಂದೇ ಇರುತ್ತದೆಂದು ಗ್ಯಾರಂಟಿ ಇಲ್ಲ. ಹಾಗಾಗಿ ಒಟ್ಟಿಗೆ ಎಷ್ಟು ರಿಕ್ವೆಸ್ಟ್ ಕಳಿಸಬಹುದು ಎಂಬ ಮಿತಿಯನ್ನು ಉತ್ತರದ ಸಮಯ ನೋಡಿ ವರ್ಕರ್ ತಾನೇ ಬದಲಿಸುವಂತೆ ಮಾಡಿದೆ. ತಿರುಳು ಇಷ್ಟೇ:

```python
def update(limit, base_ms, now_ms, inflight):
    if inflight < limit / 2:
        return limit
    g = max(0.5, min(1.0, base_ms / now_ms))
    return max(3, min(40, limit * g + limit ** 0.5))
```

`base_ms` ಅಂದರೆ ಸಾಲೇ ಇಲ್ಲದಿದ್ದಾಗ ಹಿಡಿಯುವ ಸಮಯ. `now_ms` ಅಂದರೆ ಈಚಿನ 50 ಉತ್ತರಗಳ ಮೀಡಿಯನ್. `inflight` ಅಂದರೆ ಕಳಿಸಿ ಇನ್ನೂ ಉತ್ತರ ಬಾರದ ರಿಕ್ವೆಸ್ಟ್‌ಗಳು. ವರ್ಗಮೂಲದಷ್ಟು ಸೇರಿಸುವುದು ಇನ್ನೂ ಜಾಗ ಇದೆಯಾ ಎಂದು ತಡಕಿ ನೋಡಲು. ಮಿತಿ 40ರಲ್ಲಿದ್ದು ಸಮಯ 320 ಇದ್ದರೆ ಮುಂದಿನ ಮಿತಿ 26, ಆಮೇಲೆ 18, ಆಮೇಲೆ 14. ಅಲ್ಲೇ ನಿಲ್ಲುತ್ತದೆ. ಹತ್ತು ಕನೆಕ್ಷನ್ ತುಂಬಿರುತ್ತವೆ, ನಾಲ್ಕು ಮಾತ್ರ ಸಾಲಿನಲ್ಲಿ. ವೇಗ ಅದೇ 125, ಉತ್ತರ ಮಾತ್ರ 112 ಮಿಲಿಸೆಕೆಂಡಿಗೆ ಬರುತ್ತದೆ. ಕೋಡಿನಲ್ಲಿ `if` ಮತ್ತು ಅದರ ಕೆಳಗಿನ ಸಾಲೂ ಮುಖ್ಯ. ಮಧ್ಯಾಹ್ನ ಎರಡೋ ಮೂರೋ ರಿಕ್ವೆಸ್ಟ್ ಹೋಗುವಾಗ ಉತ್ತರ ಬೇಗನೇ ಬರುತ್ತದೆ. ಅದನ್ನು ನಂಬಿ ಮಿತಿ ಏರುತ್ತಾ ಹೋದರೆ ಸಂಜೆಯ ಮೊದಲ ಅಲೆ 40ರಲ್ಲೇ ಬಡಿಯುತ್ತದೆ. ಮಿತಿಯ ಅರ್ಧವಾದರೂ ಬಳಕೆಯಲ್ಲಿ ಇಲ್ಲದಿದ್ದರೆ ಅದನ್ನು ಮುಟ್ಟಬಾರದು.

ಸೂತ್ರಕ್ಕಿಂತ ಜಾಸ್ತಿ ಹೊತ್ತು ತಿಂದದ್ದು `base_ms`. ಅದನ್ನು ಒಮ್ಮೆ ಅಳೆದು ಬರೆದಿಟ್ಟರೆ, ನಾಳೆ ಅವರ ಡೇಟಾಬೇಸ್ ದೊಡ್ಡದಾಗಿ ಸಹಜ ಸಮಯವೇ 110 ಆದಾಗ ನಾವು ಕಾರಣವಿಲ್ಲದೆ ತಗ್ಗಿಕೊಂಡು ಕೂರುತ್ತೇವೆ. ಹೋಗಲಿ, ದೀರ್ಘ ಸರಾಸರಿ ಇಡೋಣ ಎಂದರೆ ಡೇ ಎಂಡ್ ಅರ್ಧ ಗಂಟೆ ಎಳೆದಾಗ 600 ಮಿಲಿಸೆಕೆಂಡೇ ಸಹಜ ಎಂದು ವರ್ಕರ್ ಕಲಿತುಬಿಡುತ್ತದೆ. ಮತ್ತೆ ನಿಧಾನಕ್ಕೆ ಮೇಲೇರುತ್ತದೆ, ಸರಿಯಾಗಿ ಏರಬಾರದ ಹೊತ್ತಿನಲ್ಲಿ. ಎನ್ವಾಯ್ ಪ್ರಾಕ್ಸಿ ಇದಕ್ಕೊಂದು ದಾರಿ ಹಿಡಿದಿದೆ: ಆಗಾಗ ಮಿತಿಯನ್ನು ತೀರಾ ಕಡಿಮೆಗೆ ಇಳಿಸಿ, ಸಾಲಿಲ್ಲದ ಸಮಯವನ್ನು ಹೊಸದಾಗಿ ಅಳೆಯುವುದು. ನಾನೂ ಹಾಗೇ ಮಾಡಿದೆ. ಹತ್ತು ನಿಮಿಷಕ್ಕೊಮ್ಮೆ 3ಕ್ಕೆ ಇಳಿಸಿ 50 ಉತ್ತರ ತೆಗೆದುಕೊಳ್ಳುತ್ತೇನೆ. ಹಗಲಲ್ಲಿ ಅದಕ್ಕೆ ಒಂದೂವರೆ ಸೆಕೆಂಡೂ ಬೇಡ. ಜೊತೆಗೆ ಒಂದು ಕಟ್ಟು: 200 ಮಿಲಿಸೆಕೆಂಡ್ ಮೀರಿದ ಅಳತೆಯನ್ನು ಒಪ್ಪುವುದಿಲ್ಲ, ಹಳೆಯದನ್ನೇ ಇಟ್ಟುಕೊಂಡು ನಮಗೊಂದು ಮೆಸೇಜ್ ಕಳಿಸುತ್ತದೆ.

ಯಾವ ಉತ್ತರಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಇನ್ನೊಂದು ತಲೆನೋವು. ಪ್ರತಿ ಎಂಟ್ರಿಗೂ ಒಂದು ವಿಶಿಷ್ಟ ಸಂಖ್ಯೆ ಇದೆ. ಎರಡನೇ ಸಲ ಹೋದರೆ ಆ ಕಡೆ "ಇದು ಆಗಲೇ ಬಂದಿದೆ" ಎಂದು ತಿರಸ್ಕರಿಸುತ್ತಾರೆ. ಗ್ರಾಹಕರ ದುಡ್ಡಿಗೆ ಇದು ಒಳ್ಳೆಯದೇ. ಆದರೆ ತಿರಸ್ಕಾರ ಬರುವುದು 6 ಮಿಲಿಸೆಕೆಂಡಿಗೆ! ಟೈಮ್‌ಔಟ್ ಆಗಿ ಮತ್ತೆ ಕಳಿಸಿದವೆಲ್ಲ ಹೀಗೆ ಚಕಚಕ ವಾಪಸ್ ಬಂದರೆ ಮೀಡಿಯನ್ ಕೆಳಗೆ ಜಾರುತ್ತದೆ. ಸರ್ವರ್ ಆರಾಮಾಗಿದೆ ಎಂದುಕೊಂಡು ವರ್ಕರ್ ಮಿತಿ ಏರಿಸುತ್ತದೆ. ಪ್ರಾಕ್ಸಿಯಿಂದ ಬರುವ 502, 503 ಎರರ್‌ಗಳ ಕಥೆಯೂ ಇದೇ. ನಿಜವಾಗಿ ಪೋಸ್ಟ್ ಆದ ಉತ್ತರವನ್ನು ಮಾತ್ರ ಅಳತೆಗೆ ಹಾಕಬೇಕು. ಟೈಮ್‌ಔಟ್ ಆದದ್ದನ್ನು ಬಿಡಬಾರದು, ಅದನ್ನು 2 ಸೆಕೆಂಡ್ ಎಂದೇ ಸೇರಿಸಬೇಕು. ಗ್ರಾಫಿನಲ್ಲಿ ಎರರ್ ಮತ್ತು ಮಿತಿ ಎರಡೂ ಒಟ್ಟಿಗೆ ಮೇಲೆ ಹೋಗುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಇನ್ನು ಕೋಡಿನಲ್ಲಿರುವ ಆ 0.5. ನೋಡಲು ಸಣ್ಣ ವಿಷಯ, ಆದರೆ ಡೇ ಎಂಡ್ ಹೊತ್ತಿಗೆ ನಾವು ಎಷ್ಟಕ್ಕೆ ಇಳಿಯುತ್ತೇವೆ ಎಂದು ತೀರ್ಮಾನಿಸುವುದೇ ಅದು. ಉತ್ತರ ಎಷ್ಟೇ ತಡವಾದರೂ ಪ್ರತಿ ಸಲ ಅರ್ಧ ಕಳೆದು ವರ್ಗಮೂಲ ಸೇರಿಸಿದರೆ ಇಳಿತ 4ರಲ್ಲಿ ನಿಲ್ಲುತ್ತದೆ. ನಾನು ಬರೆದ 3ರ ತಳ ಸುಮ್ನೆ ಅಲಂಕಾರಕ್ಕೆ. 0.7 ಇಟ್ಟರೆ 11ರಲ್ಲಿ ನಿಲ್ಲುತ್ತದೆ. ಡೇ ಎಂಡ್‌ನಲ್ಲಿ 11 ಕಳಿಸಿದರೆ ಸೆಕೆಂಡಿಗೆ 16 ಚಿಲ್ಲರೆ ಪೋಸ್ಟ್ ಆಗುತ್ತವೆ, 4 ಕಳಿಸಿದರೆ ಆರೇಳು. ನಾನು 4 ಆರಿಸಿಕೊಂಡೆ. ಅವರ ಬಡ್ಡಿ ಲೆಕ್ಕವೂ ನಮ್ಮ ಪೋಸ್ಟಿಂಗೂ ಅದೇ ಟೇಬಲ್‌ಗಳಿಗೆ ಕಚ್ಚಾಡುತ್ತವೆ, ನಾವು ಜಾಗ ಬಿಟ್ಟರೆ ಅದು ಬೇಗ ಮುಗಿಯುತ್ತದೆ. ಆದರೆ ಇದು ಪುಕ್ಕಟೆ ಅಲ್ಲ. ಆ ಹೊತ್ತಿಗೆ ಕ್ಯೂನಲ್ಲಿ 8,000 ಎಂಟ್ರಿ ಉಳಿದಿದ್ದರೆ 20 ನಿಮಿಷ ಬೇಕು. ಅಷ್ಟು ತಡವಾದರೆ ಪರವಾಗಿಲ್ಲವೇ ಎಂದು ಸಂಘದ ಮ್ಯಾನೇಜರ್ ಹತ್ತಿರ ಕೇಳಿಯೇ ಇಟ್ಟದ್ದು. "ಒಂಬತ್ತರೊಳಗೆ ಮುಗಿದರೆ ಆಯ್ತು, ಏಜೆಂಟರಿಗೆ ಮಾತ್ರ ರಶೀದಿ ನಿಲ್ಲಬಾರದು" ಎಂದರು. ರಶೀದಿ ಅಪ್‌ಲೋಡ್ ಆದ ಕೂಡಲೇ ಹೋಗುತ್ತದೆ, ಪೋಸ್ಟಿಂಗ್‌ಗೆ ಕಾಯುವುದಿಲ್ಲ. ಹಾಗಾಗಿ ಈಗ ಅಲಾರಂ ಇರುವುದು ಮಿತಿಯ ಮೇಲಲ್ಲ, ಕ್ಯೂನ ಅತಿ ಹಳೆಯ ಎಂಟ್ರಿ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದರ ಮೇಲೆ.

ಕೆಲವು ತಿಂಗಳ ನಂತರ ಒಂದು ದಿನ ಹಗಲಿನ ಮಿತಿ 14ರ ಬದಲು 20ರ ಆಸುಪಾಸು ನಿಂತಿತ್ತು. ಕೋಡ್ ಯಾರೂ ಮುಟ್ಟಿರಲಿಲ್ಲ. ಆ ಕಡೆಯವರಿಗೆ ಫೋನ್ ಮಾಡಿ ಪೂಲ್ 16 ಮಾಡಿದ್ದೀರಾ ಎಂದು ಕೇಳಿದೆ. "ಹೌದು, ನಿಮಗೆ ಯಾರು ಹೇಳಿದ್ದು?" ಎಂದರು.